ಬೀಳದಂತೆ ತಡೆಯುವ ತರಗತಿ ಯಾವುದು? ಹಿರಿಯರಿಗಾಗಿ ಕುರ್ಚಿ, ಯೋಗ, ತೈ ಚಿ, ವಾಕಿಂಗ್, ನಿಂತು ಮಾಡುವ ವ್ಯಾಯಾಮಗಳ ಹೋಲಿಕೆ

ಊರಿನ ಸಮುದಾಯ ಭವನದಲ್ಲಿ ಹಿರಿಯರಿಗೆ ವ್ಯಾಯಾಮದ ತರಗತಿ ಶುರು ಮಾಡೋಣ ಅಂತ ಸಂಘದವರು ಸಭೆ ಸೇರಿದರೆ, ಹಾಲ್ ಯಾವ ದಿನ ಖಾಲಿ, ಕಾಫಿಗೆ ಯಾರು ಅನ್ನುವುದು ಬೇಗ ತೀರ್ಮಾನ ಆಗುತ್ತದೆ. ಏನು ಮಾಡಿಸುವುದು ಅನ್ನುವಲ್ಲಿ ಮಾತು ನಿಲ್ಲುತ್ತದೆ. ಒಬ್ಬರು ಯೋಗ ಅನ್ನುತ್ತಾರೆ. ಇನ್ನೊಬ್ಬರು, ವಯಸ್ಸಾದವರು ಬಿದ್ದುಗಿದ್ದಾರು, ಕುರ್ಚಿಯಲ್ಲಿ ಕೂರಿಸಿಯೇ ಮಾಡಿಸೋಣ ಅನ್ನುತ್ತಾರೆ. ಮೂರನೆಯವರಿಗೆ ಇದೆಲ್ಲ ಯಾಕೆ, ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋದರೆ ಸಾಲದೇ ಅನ್ನಿಸುತ್ತದೆ.

ಮೂರೂ ಒಳ್ಳೆಯ ಮಾತೇ. ಆದರೆ ಬೀಳುವುದನ್ನು ಕಡಿಮೆ ಮಾಡುವುದೇ ಗುರಿಯಾದರೆ ಮೂರೂ ಒಂದೇ ಅಲ್ಲ. ಕೊಡಗಿನಲ್ಲಿ ಈ ಗುರಿಗೆ ಕಾರಣ ಹುಡುಕಬೇಕಾಗಿಲ್ಲ. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುತ್ತದೆ. ಹಳೆಯ ಮನೆಗಳಲ್ಲಿ ಮೆಟ್ಟಿಲು ಜಾಸ್ತಿ, ಹೊಸಿಲೂ ಎತ್ತರ. ಮಕ್ಕಳು ಬೆಂಗಳೂರಲ್ಲಿ, ಅಪ್ಪ ಅಮ್ಮ ಇಬ್ಬರೇ ತೋಟದ ಮನೆಯಲ್ಲಿ. ಪಕ್ಕದ ಮನೆ ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುವುದಿಲ್ಲ.

ಹೋಲಿಸಲು ಒಂದೇ ಅಳತೆ

ಯಾವ ತರಗತಿಯನ್ನೇ ಆಗಲಿ, ನಾನು ನೋಡುವುದು ಒಂದೇ ವಿಷಯ. ಒಂದು ಗಂಟೆಯಲ್ಲಿ ಅಲ್ಲಿನ ಹಿರಿಯರು ಎಷ್ಟು ನಿಮಿಷ ಕಾಲ ಮೇಲೆ ನಿಂತು, ಕೈ ಬಿಟ್ಟು, ತಮ್ಮ ಭಾರವನ್ನು ಅತ್ತಿತ್ತ ಸರಿಸುತ್ತಾರೆ? ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡಿಕೊಂಡು ಎಣಿಸಿದರೆ ಸಾಕು.

ಇದು ನನ್ನ ತಲೆಯಿಂದ ಹುಟ್ಟಿದ ಮಾತಲ್ಲ. ತಮ್ಮ ತಮ್ಮ ಮನೆಗಳಲ್ಲಿ ವಾಸಿಸುವ ಹಿರಿಯರ ಮೇಲೆ ನಡೆದ 108 ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಕೊಕ್ರೇನ್ ಸಂಸ್ಥೆ ಒಂದು ಪರಿಶೀಲನೆ ಹೊರತಂದಿತು. ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು 23 ಶೇಕಡಾ ಇಳಿಯುತ್ತದೆ ಅಂತ ಅದು ಹೇಳಿತು. ಇಳಿಕೆಗೆ ಮುಖ್ಯ ಕಾರಣ ಸಮತೋಲನದ ವ್ಯಾಯಾಮ, ಜೊತೆಗೆ ಎದ್ದು ಕೂರುವುದು, ಹತ್ತಿ ಇಳಿಯುವುದು ಮುಂತಾದ ದಿನನಿತ್ಯದ ಚಲನೆ. ಇವುಗಳಿಗೆ ಕಾಲಿನ ಬಲದ ವ್ಯಾಯಾಮವೂ ಸೇರಿದ ಕಾರ್ಯಕ್ರಮಗಳಲ್ಲಿ ಇಳಿಕೆ 34 ಶೇಕಡಾದ ಹತ್ತಿರ. ಬಲದ ವ್ಯಾಯಾಮ ಒಂದನ್ನೇ ಮಾಡಿಸಿದರೆ, ಅಥವಾ ನಡಿಗೆ ಒಂದನ್ನೇ ಮಾಡಿಸಿದರೆ, ಬೀಳುವುದು ಕಡಿಮೆಯಾಗುತ್ತದೆ ಅನ್ನಲು ಗಟ್ಟಿಯಾದ ಆಧಾರ ಸಿಗಲಿಲ್ಲ.

ಕಾರಣ ಸರಳ. ದೇಹ ಯಾವುದನ್ನು ಅಭ್ಯಾಸ ಮಾಡುತ್ತದೋ ಅದರಲ್ಲೇ ಚುರುಕಾಗುತ್ತದೆ. ಕೂತು ಕೈ ಎತ್ತಿ ಇಳಿಸಿದರೆ ಭುಜ ಸಡಿಲವಾಗುತ್ತದೆ. ವಾಲಿದ ದೇಹವನ್ನು ಪಾದ ಮತ್ತು ಸೊಂಟದಿಂದ ಹಿಡಿದು ನಿಲ್ಲಿಸುವುದನ್ನು ಕಲಿಯಬೇಕಾದರೆ ಸ್ವಲ್ಪ ವಾಲಲೇಬೇಕು.

ಕುರ್ಚಿ ತರಗತಿ: ಸುರಕ್ಷಿತ, ಆದರೆ ಯಾವುದಕ್ಕೆ?

ಕೂತು ಮಾಡುವ ತರಗತಿ ನಡೆಸಲು ಸುಲಭ. ಒಬ್ಬರೇ ಇಪ್ಪತ್ತು ಜನರನ್ನು ನೋಡಿಕೊಳ್ಳಬಹುದು. ಮಂಡಿ ನೋವಿನವರೂ ಬರುತ್ತಾರೆ, ನಗುತ್ತಾರೆ, ಮತ್ತೆ ಬರುತ್ತಾರೆ. ಒಂಟಿಯಾಗಿರುವವರಿಗೆ ಅದೇ ದೊಡ್ಡದು. ಆದರೆ ನಮ್ಮ ಅಳತೆಯಲ್ಲಿ ಅದಕ್ಕೆ ಸಿಗುವ ಅಂಕ ಸೊನ್ನೆ. ಕುರ್ಚಿಯಲ್ಲಿ ಕೂತವರು ಬೀಳುವುದಿಲ್ಲ, ನಿಜ. ಹಾಗಂತ ಬೀಳದೆ ನಿಲ್ಲುವುದನ್ನು ಕಲಿಯುವುದೂ ಇಲ್ಲ.

ಇದನ್ನು ಪೂರ್ತಿ ತಳ್ಳಿಹಾಕಬೇಡಿ. ಎದ್ದು ನಿಲ್ಲಲೂ ಆಗದವರಿಗೆ, ಆಸ್ಪತ್ರೆಯಿಂದ ಈಗಷ್ಟೇ ಬಂದವರಿಗೆ ಇದು ಮೊದಲ ಮೆಟ್ಟಿಲು. ತಪ್ಪು ಆಗುವುದು ಎಲ್ಲಿ ಅಂದರೆ, ಎಲ್ಲರನ್ನೂ ಅದೇ ಮೆಟ್ಟಿಲಲ್ಲಿ ವರ್ಷಗಟ್ಟಲೆ ಕೂರಿಸಿಬಿಡುವುದರಲ್ಲಿ. ದಿನಾ ತೋಟಕ್ಕೆ ಇಳಿದು ಹತ್ತುವ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಕಾಲ್ಬೆರಳು ಆಡಿಸಲು ಹೇಳಿದರೆ ಅವರಿಗೆ ಸಿಗುವುದೇನು?

ಯೋಗ: ಯಾವ ಆಸನ ಅನ್ನುವುದರ ಮೇಲೆ ಹೋಗುತ್ತದೆ

ಯೋಗ ಕಲಿಸುವವರು ನಮ್ಮಲ್ಲಿ ಸಿಗುತ್ತಾರೆ. ಜನರಿಗೂ ಅದರ ಮೇಲೆ ನಂಬಿಕೆ ಇದೆ. ಹಾಗಾಗಿ ಹೆಚ್ಚಿನ ಕಡೆ ಇದೇ ಮೊದಲ ಆಯ್ಕೆ. ಆದರೆ ಒಂದು ಗಂಟೆಯ ತರಗತಿಯಲ್ಲಿ ಚಾಪೆ ಮೇಲೆ ಕೂತು ಮಲಗಿ ಮಾಡುವುದು, ಪ್ರಾಣಾಯಾಮ, ಕೊನೆಗೆ ಶವಾಸನ ಇವುಗಳನ್ನೆಲ್ಲ ಕಳೆದು ನೋಡಿ. ನಿಂತ ಸಮಯ ಹತ್ತು ನಿಮಿಷವೂ ಉಳಿಯದೇ ಇರಬಹುದು. ಅದರಲ್ಲೂ ಬಹುಪಾಲು ಒಂದೇ ಜಾಗದಲ್ಲಿ ಅಲುಗದೆ ನಿಲ್ಲುವುದು. ನಾವು ಬೀಳುವುದು ತಿರುಗುವಾಗ, ಹೆಜ್ಜೆ ಎತ್ತುವಾಗ, ಕೈಯಲ್ಲಿ ಏನೋ ಹಿಡಿದು ಹೊಸಿಲು ದಾಟುವಾಗ.

ಗುರುಗಳು ಒಪ್ಪಿದರೆ ಇದನ್ನು ಬದಲಾಯಿಸಬಹುದು. ತಾಡಾಸನದಲ್ಲಿ ಹಿಮ್ಮಡಿ ಎತ್ತಿ ನಿಲ್ಲುವುದು, ಗೋಡೆ ಪಕ್ಕದಲ್ಲಿ ವೃಕ್ಷಾಸನ, ವೀರಭದ್ರಾಸನಕ್ಕೆ ಹೆಜ್ಜೆ ಇಟ್ಟು ಮತ್ತೆ ಹಿಂದೆ ಬರುವುದು, ಇವನ್ನೇ ಅರ್ಧ ಗಂಟೆಗೆ ಹಿಗ್ಗಿಸಲು ಹೇಳಿ. ಒಂದು ಎಚ್ಚರಿಕೆ ಮಾತ್ರ ಬೇಕು. ಮೂಳೆ ಸವೆದವರಿಗೆ ಬೆನ್ನನ್ನು ಗುಂಡಗೆ ಬಗ್ಗಿಸಿ ಮುಂದಕ್ಕೆ ಬಾಗುವ ಆಸನ ಬೇಡ. ಪಶ್ಚಿಮೋತ್ತಾನಾಸನ ಅಂಥದ್ದು. ಬೆನ್ನುಮೂಳೆಯ ಮುಂಭಾಗಕ್ಕೆ ಒತ್ತಡ ಬಿದ್ದು ಅದು ಕುಸಿಯುವ ಅಪಾಯ ಇದೆ. ಐವತ್ತು ದಾಟಿದ ಮೇಲೆ ಸಣ್ಣ ಏಟಿಗೇ ಮೂಳೆ ಮುರಿದಿದ್ದವರು, ಎತ್ತರ ಕುಗ್ಗಿ ಬೆನ್ನು ಬಾಗಿದವರು ತರಗತಿಯಲ್ಲಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಬೇಕು.

ತೈ ಚಿ ಮತ್ತು ವಾಕಿಂಗ್

ತೈ ಚಿ ಚೀನಾದ ನಿಧಾನ ಚಲನೆಯ ವ್ಯಾಯಾಮ. ಅದರಲ್ಲಿ ಇಡೀ ಸಮಯ ನಿಂತೇ ಇರುತ್ತಾರೆ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸುತ್ತಾರೆ. ನಮ್ಮ ಅಳತೆಗೆ ಚೆನ್ನಾಗಿಯೇ ಹೊಂದುತ್ತದೆ. ಅದೇ ಕೊಕ್ರೇನ್ ಪರಿಶೀಲನೆಯಲ್ಲಿ ಇದರಿಂದ ಸುಮಾರು 19 ಶೇಕಡಾ ಇಳಿಕೆ ಕಾಣುತ್ತದೆ, ಆದರೆ ಆಧಾರ ಅಷ್ಟು ಬಲವಾಗಿಲ್ಲ. ನಮಗೆ ತೊಡಕು ಬೇರೆ. ಕಲಿತು ಕಲಿಸುವವರು ಹತ್ತಿರದಲ್ಲಿ ಸಿಗುವುದು ಕಷ್ಟ. ವಿಡಿಯೋ ಹಾಕಿ ಮಾಡಿಸಿದರೆ ಹಿರಿಯರು ಕೈಯನ್ನು ನೋಡಿ ಕೈ ಆಡಿಸುತ್ತಾರೆ, ಕಾಲು ಇದ್ದಲ್ಲೇ ಇರುತ್ತದೆ. ಕಲಿಸುವವರು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಅದರ ನಿಧಾನದ ಭಾರ ಸರಿಸುವಿಕೆಯನ್ನು ಮಾತ್ರ ಎರವಲು ಪಡೆಯಿರಿ.

ವಾಕಿಂಗ್ ಗುಂಪು ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಒಳ್ಳೆಯದು. ಬೀಳುವುದನ್ನು ತಡೆಯಲು ಅದೊಂದೇ ಸಾಲದು. ಬ್ರಿಟನ್ನಿನಲ್ಲಿ ಒಮ್ಮೆ ಕೈ ಮುರಿದುಕೊಂಡಿದ್ದ ಹೆಂಗಸರನ್ನು ಚುರುಕಾಗಿ ನಡೆಸಿ ನೋಡಿದರು. 1997ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಡೆದವರ ಗುಂಪಿನಲ್ಲೇ ಬಿದ್ದವರು ಹೆಚ್ಚು. ಕಾಲು ಗಟ್ಟಿಯಿಲ್ಲದವರನ್ನು ಬಿರುಸಾಗಿ ನಡೆಸಿದರೆ ಬೀಳುವ ಅವಕಾಶವೇ ಹೆಚ್ಚುತ್ತದೆ ಅಷ್ಟೆ. ನಮ್ಮ ಏರು ತಗ್ಗಿನ ರಸ್ತೆಗಳಲ್ಲಿ, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹೇಳಬೇಕಾಗಿಯೇ ಇಲ್ಲ.

ನಿಂತು ಮಾಡುವ ಬಲ ಮತ್ತು ಸಮತೋಲನದ ತರಗತಿ

ನನ್ನ ಮತ ಇದಕ್ಕೇ. ಇದಕ್ಕೆ ಎರಡು ಮಾದರಿಗಳಿವೆ. ಒಂದು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಟಾಗೊ ಕಾರ್ಯಕ್ರಮ. ಮೂಲದಲ್ಲಿ ಇದು ಮನೆಯಲ್ಲಿ ಒಬ್ಬೊಬ್ಬರೇ ಮಾಡಲು ಇರುವಂಥದ್ದು. ವಾರಕ್ಕೆ ಮೂರು ದಿನ ಸುಮಾರು ಅರ್ಧ ಗಂಟೆ, ಜೊತೆಗೆ ಬೇರೆ ದಿನಗಳಲ್ಲಿ ನಡಿಗೆ. ಕಾಲಿಗೆ ಐದು ಬಲದ ವ್ಯಾಯಾಮ: ಮಂಡಿ ನೀಡುವುದು, ಮಂಡಿ ಮಡಚುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು, ಹಿಮ್ಮಡಿ ಎತ್ತುವುದು, ಮುಂಗಾಲು ಎತ್ತುವುದು. ಮೊದಲ ಮೂರಕ್ಕೆ ಕಾಲಿನ ಗಂಟಿಗೆ ತೂಕ ಕಟ್ಟುತ್ತಾರೆ. ಆಮೇಲೆ ಹನ್ನೆರಡು ಸಮತೋಲನದ ವ್ಯಾಯಾಮ: ಪಕ್ಕಕ್ಕೆ ನಡೆಯುವುದು, ಹಿಂದಕ್ಕೆ ನಡೆಯುವುದು, ಎಂಟರ ಆಕಾರದಲ್ಲಿ ತಿರುಗುವುದು, ಒಂಟಿ ಕಾಲಲ್ಲಿ ನಿಲ್ಲುವುದು ಇತ್ಯಾದಿ.

ಇನ್ನೊಂದು ಬ್ರಿಟನ್ನಿನ ಫೇಮ್ ಕಾರ್ಯಕ್ರಮ. ಇದು ಗುಂಪಿನಲ್ಲಿ ಮಾಡಲೆಂದೇ ಇರುವುದು, ಮನೆಗೂ ಅಭ್ಯಾಸ ಕೊಡುತ್ತದೆ. ಇದರ ವಿಶೇಷ, ನೆಲಕ್ಕೆ ಇಳಿದು ಮತ್ತೆ ಏಳುವುದನ್ನೂ ಕಲಿಸುತ್ತದೆ. ಸಮುದಾಯ ಭವನಕ್ಕೆ ಇವೆರಡನ್ನೂ ಬೆರೆಸಿದರೆ ಸರಿ. ಹಾಲ್‌ನಲ್ಲಿ ವಾರಕ್ಕೆ ಎರಡು ದಿನ, ಮನೆಯಲ್ಲಿ ಮೂರು ದಿನ ಇಪ್ಪತ್ತು ನಿಮಿಷ. ಒಟ್ಟು ವಾರಕ್ಕೆ ಮೂರು ಗಂಟೆ ಆಗುತ್ತದೆ. ಕಡಿಮೆ ಅವಧಿಯ ಕಾರ್ಯಕ್ರಮಗಳಿಗಿಂತ ವಾರಕ್ಕೆ ಮೂರು ಗಂಟೆ ಮುಟ್ಟಿದವುಗಳಲ್ಲಿ ಪರಿಣಾಮ ಜಾಸ್ತಿ ಕಂಡಿದೆ.

ತೂಕಕ್ಕೆ ದುಡ್ಡು ಖರ್ಚು ಮಾಡಬೇಡಿ. ಗಟ್ಟಿ ಬಟ್ಟೆಯ ಉದ್ದ ಚೀಲ ಹೊಲಿಸಿ ಮರಳು ತುಂಬಿ, ಎರಡು ಕಡೆ ದಾರ ಇಟ್ಟರೆ ಆಯಿತು. ಅರ್ಧ ಕಿಲೋ, ಒಂದು ಕಿಲೋ, ಎರಡು ಕಿಲೋ ಹೀಗೆ. ಕಾಫಿ ಬೀಜ ಮನೆಯಲ್ಲೇ ಇದೆ ಅಂತ ತುಂಬಿಸಲು ಹೋದರೆ ಚೀಲ ದಪ್ಪವಾಗುತ್ತದೆಯೇ ಹೊರತು ತೂಕ ಬರುವುದಿಲ್ಲ. ಎಂಟು ಹತ್ತು ಸಲ ಮಾಡುವಷ್ಟರಲ್ಲಿ ಕಾಲು ಸಾಕು ಅನ್ನಬೇಕು, ಅದು ಸರಿಯಾದ ತೂಕ. ಮಧ್ಯೆ ಬಿಡುವು ಕೊಟ್ಟು ಹತ್ತು ಹತ್ತರಂತೆ ಎರಡು ಸುತ್ತು ಸರಾಗವಾಗಿ ಆದರೆ ತೂಕ ಏರಿಸಿ. ಮಂಡಿ ನೋವು ಬಂದರೆ ಇಳಿಸಿ.

ಕೈ ಬಿಡುವುದೇ ಪಾಠ

ನಿಂತು ಮಾಡುವ ತರಗತಿಯೂ ಹಾಳಾಗುವುದು ಇಲ್ಲಿ. ಎಲ್ಲರೂ ನಿಂತಿದ್ದಾರೆ, ಎಲ್ಲರೂ ಒಂಟಿ ಕಾಲು ಎತ್ತುತ್ತಿದ್ದಾರೆ, ಆದರೆ ಎಲ್ಲರ ಎರಡೂ ಕೈ ಕುರ್ಚಿಯ ಬೆನ್ನಿನ ಮೇಲೆ. ಹೊರಗಿನಿಂದ ನೋಡಿದರೆ ಚೆಂದ. ಒಳಗೆ ಆಗುತ್ತಿರುವುದು ಬಹಳ ಕಡಿಮೆ. ಬೆರಳ ತುದಿ ಸುಮ್ನೆ ತಾಗಿದ್ದರೂ ಸಾಕು, ತಾನು ಎತ್ತ ವಾಲುತ್ತಿದ್ದೇನೆ ಅನ್ನುವ ಸುದ್ದಿ ದೇಹಕ್ಕೆ ಬೆರಳಿನಿಂದಲೇ ಸಿಕ್ಕಿಬಿಡುತ್ತದೆ. ಪಾದಕ್ಕೂ ಕಿವಿಯೊಳಗಿನ ಸಮತೋಲನದ ಅಂಗಕ್ಕೂ ಕೆಲಸವೇ ಕಡಿಮೆ.

ಹಾಗಂತ ಒಂದೇ ದಿನ ಕೈ ಬಿಡಿಸಬಾರದು. ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು, ಆಮೇಲೆ ಆಸರೆಯ ಮೇಲೆ ಮುಟ್ಟದೆ ತೇಲಿಸಿದ ಕೈ, ಕೊನೆಗೆ ಕೈ ಪಕ್ಕದಲ್ಲಿ. ಒಂದು ಹಂತದಿಂದ ಮುಂದಿನದಕ್ಕೆ ಯಾವಾಗ ಹೋಗಬೇಕು? ಪಾದವನ್ನು ನೋಡಿ. ಗಂಟಿನ ಹತ್ತಿರ ಸಣ್ಣಗೆ ನಡುಗುತ್ತಿದ್ದರೆ, ಆಗೊಮ್ಮೆ ಈಗೊಮ್ಮೆ ಕೈ ಆಸರೆಗೆ ತಾಗಿ ಬರುತ್ತಿದ್ದರೆ, ಆ ಹಂತ ಸರಿಯಾಗಿದೆ. ಪಕ್ಕದವರ ಜೊತೆ ಮದುವೆ ಸುದ್ದಿ ಮಾತಾಡುತ್ತಾ ಅಲುಗದೆ ನಿಂತಿದ್ದರೆ ಅದು ತೀರಾ ಸುಲಭವಾಯಿತು. ಪ್ರತಿ ಸಲವೂ ಗಬಕ್ಕನೆ ಹಿಡಿಯುತ್ತಿದ್ದರೆ, ಉಸಿರು ಕಟ್ಟಿಕೊಂಡಿದ್ದರೆ, ಒಂದು ಹಂತ ಹಿಂದಕ್ಕೆ ಹೋಗಿ.

ಆಸರೆ ಯಾವುದು ಅನ್ನುವುದೂ ಮುಖ್ಯ. ಹಾಲ್‌ಗಳಲ್ಲಿ ಇರುವುದು ಮದುವೆಗೆ ತರಿಸಿದ ಪ್ಲಾಸ್ಟಿಕ್ ಕುರ್ಚಿ. ಅದರ ಬೆನ್ನು ಹಿಡಿದು ಭಾರ ಬಿಟ್ಟರೆ ಕಾಲು ಜಾರುತ್ತದೆ, ಕುರ್ಚಿಯೇ ಮಗುಚುತ್ತದೆ. ಕೂರಲು ಬೇಕಾದರೆ ಗೋಡೆಗೆ ಒತ್ತಿ ಇಡಿ. ಹಿಡಿಯಲು ಕಿಟಕಿಯ ಅಂಚು, ಭಾರವಾದ ಮರದ ಬೆಂಚು, ಸೊಂಟದೆತ್ತರ ಇದ್ದರೆ ವೇದಿಕೆಯ ಅಂಚು ಬಳಸಿ. ಕಾಲುಚೀಲ ಬೇಡವೇ ಬೇಡ. ನಮ್ಮ ಚಳಿಗೆ ಉಲ್ಲನ್ ಕಾಲುಚೀಲ ಹಾಕಿಕೊಂಡೇ ಬರುತ್ತಾರೆ, ಚಪ್ಪಲಿ ಬಾಗಿಲಲ್ಲಿ ಬಿಡುತ್ತಾರೆ, ಒಳಗೆ ಟೈಲ್ಸ್ ನೆಲ. ಬರಿಗಾಲು ಇಲ್ಲವೇ ಹಿಂದೆ ಪಟ್ಟಿ ಇರುವ ಚಪ್ಪಲಿ, ಶೂ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬರಿಗಾಲೂ ಬೇಡ, ಶೂ ಕಡ್ಡಾಯ. ಮಳೆಗಾಲದಲ್ಲಿ ಕೊಡೆಗಳನ್ನು ಹೊರಗೇ ನಿಲ್ಲಿಸಿ. ಬಾಗಿಲಲ್ಲಿ ಹಾಕುವ ಗೋಣಿಚೀಲವೇ ಟೈಲ್ಸ್ ಮೇಲೆ ಜಾರುತ್ತದೆ ಅನ್ನುವುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಒಂದು ಗುಂಪನ್ನು ಹಾಕಿ ನೋಡೋಣ

ವಿರಾಜಪೇಟೆ ಕಡೆಯ ಒಂದು ಹಾಲ್ ಅಂತ ಇಟ್ಟುಕೊಳ್ಳಿ. ಹನ್ನೆರಡು ಜನ. ಕಲಿಸುವವರು ಒಬ್ಬರು, ಸಹಾಯಕ್ಕೆ ಒಬ್ಬರು. ಇದಕ್ಕಿಂತ ಜಾಸ್ತಿ ಜನರನ್ನು ಇಬ್ಬರು ನೋಡಿಕೊಳ್ಳುವುದು ಕಷ್ಟ. ಮೊದಲ ದಿನ ವ್ಯಾಯಾಮ ಬೇಡ, ಅಳತೆ ಮಾತ್ರ. ಮೂರು ಸಣ್ಣ ಪರೀಕ್ಷೆಗಳು ಸಾಕು.

ಮೊದಲನೆಯದು, ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ. ಕುರ್ಚಿಯ ಕೂರುವ ಎತ್ತರ 43 ಸೆಂಟಿಮೀಟರ್. ಎರಡನೆಯದು, ನಾಲ್ಕು ನಿಲುವು: ಪಾದ ಜೋಡಿಸಿ, ಒಂದು ಪಾದ ಅರ್ಧ ಮುಂದಿಟ್ಟು, ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯಲ್ಲಿ, ಕೊನೆಗೆ ಒಂಟಿ ಕಾಲಲ್ಲಿ. ಒಂದೊಂದೂ 10 ಸೆಕೆಂಡ್. ಗೆರೆಯ ನಿಲುವು 10 ಸೆಕೆಂಡ್ ನಿಲ್ಲದಿದ್ದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಮೂರನೆಯದು, ಕುರ್ಚಿಯಿಂದ ಎದ್ದು 3 ಮೀಟರ್ ಮಾಮೂಲಿ ವೇಗದಲ್ಲಿ ನಡೆದು ತಿರುಗಿ ಬಂದು ಕೂರುವುದು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಗಮನ ಬೇಕು.

ಈಗ ಮೂವರನ್ನು ನೋಡಿ. ಮೊದಲನೆಯವರು 68ರ ಹೆಂಗಸು, ತೋಟದಲ್ಲಿ ಓಡಾಡಿಕೊಂಡಿದ್ದಾರೆ. ಕುರ್ಚಿಯಿಂದ 12 ಸಲ ಎದ್ದರು. ಆ ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಚಿಂತೆ, ಹಾಗಾಗಿ ಕಾಲಿನ ಬಲ ಪರವಾಗಿಲ್ಲ. ಗೆರೆಯ ನಿಲುವೂ 10 ಸೆಕೆಂಡ್ ಬಂತು. ಒಂಟಿ ಕಾಲಲ್ಲಿ ಮಾತ್ರ 4 ಸೆಕೆಂಡ್. ಎರಡನೆಯವರು 76ರ ಗಂಡಸು, ಹೊರಗೆ ಹೋಗುವಾಗ ಕೋಲು ಹಿಡಿಯುತ್ತಾರೆ. ಎದ್ದದ್ದು 8 ಸಲ, ಅವರ ವಯಸ್ಸಿಗೆ 11 ಆದರೂ ಬೇಕಿತ್ತು. ಗೆರೆಯ ನಿಲುವು 3 ಸೆಕೆಂಡ್, ನಡಿಗೆ 15 ಸೆಕೆಂಡ್. ಮೂರನೆಯವರು 82ರ ಅಜ್ಜಿ. ಕೈ ಊರದೆ ಏಳಲು ಆಗುವುದಿಲ್ಲ, ಹಾಗಾಗಿ ಅಂಕ ಸೊನ್ನೆ. ಕಳೆದ ವರ್ಷ ಎರಡು ಸಲ ಬಿದ್ದಿದ್ದಾರೆ, ಒಮ್ಮೆ ಬಚ್ಚಲುಮನೆಯ ಮೆಟ್ಟಿಲಲ್ಲಿ.

ಮೂವರಿಗೆ ಮೂರು ತರಗತಿ ಬೇಕಾಗಿಲ್ಲ. ಒಂದೇ ಹಾಲ್‌ನಲ್ಲಿ ಮೂರು ಸಾಲು ಮಾಡಿ. ಗೋಡೆ ಸಾಲಿನಲ್ಲಿ 82ರ ಅಜ್ಜಿಯಂಥವರು, ಹಿಂದೆ ಕುರ್ಚಿ, ಮುಂದೆ ಕಿಟಕಿಯ ಅಂಚು, ಪಕ್ಕದಲ್ಲಿ ಸಹಾಯಕರು. ಬೆಂಚಿನ ಸಾಲಿನಲ್ಲಿ ಕೋಲಿನವರು. ನಡುವೆ ಖಾಲಿ ಜಾಗದಲ್ಲಿ ಗಟ್ಟಿಯಿದ್ದವರು. ಮಾಡುವ ವ್ಯಾಯಾಮ ಎಲ್ಲರಿಗೂ ಒಂದೇ, ಹಂತ ಬೇರೆ ಬೇರೆ.

ಪಕ್ಕಕ್ಕೆ ನಡೆಯುವುದನ್ನೇ ತೆಗೆದುಕೊಳ್ಳಿ. ಇದನ್ನು ನಾನು ಯಾವ ತರಗತಿಯಲ್ಲೂ ಬಿಡುವುದಿಲ್ಲ, ಯಾಕೆಂದರೆ ಪಕ್ಕಕ್ಕೆ ಬಿದ್ದು ಸೊಂಟ ನೆಲಕ್ಕೆ ಬಡಿದಾಗಲೇ ತೊಡೆಯ ಮೂಳೆಯ ಮೇಲ್ಭಾಗ ಮುರಿಯುವುದು ಹೆಚ್ಚು. ಪಕ್ಕಕ್ಕೆ ವಾಲಿದಾಗ ತಡೆಯುವುದು ಸೊಂಟದ ಹೊರಬದಿಯ ಸ್ನಾಯು. ಅಜ್ಜಿ ಕಿಟಕಿಯ ಅಂಚನ್ನು ಎರಡು ಕೈಯಲ್ಲಿ ಹಿಡಿದು ಬಲಕ್ಕೆ ನಾಲ್ಕು ಹೆಜ್ಜೆ, ಎಡಕ್ಕೆ ನಾಲ್ಕು ಹೆಜ್ಜೆ ಇಡುತ್ತಾರೆ. 76ರವರು ಬೆಂಚಿನ ಮೇಲೆ ಎರಡು ಬೆರಳು ಜಾರಿಸುತ್ತಾ ಹತ್ತು ಹೆಜ್ಜೆ. 68ರವರು ಕೈ ಬಿಟ್ಟು ಹತ್ತು ಹೆಜ್ಜೆ ಹೋಗಿ ಬರುತ್ತಾರೆ. ಅದು ಸುಲಭವಾದ ಮೇಲೆ ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು, ಮತ್ತೆ ಸುಲಭವಾದರೆ ನೂರರಿಂದ ಮೂರು ಮೂರು ಕಳೆಯುತ್ತಾ. ತಲೆಗೆ ಕೆಲಸ ಕೊಟ್ಟ ಕೂಡಲೇ ಕಾಲು ತಡವರಿಸುವುದು ಕಾಣುತ್ತದೆ. ಮನೆಯಲ್ಲೂ ಆಗುವುದು ಹಾಗೇ ಅಲ್ವಾ, ಫೋನ್ ರಿಂಗ್ ಆದಾಗ, ಒಲೆಯ ಮೇಲೆ ಹಾಲು ಉಕ್ಕಿದಾಗ.

82ರ ಅಜ್ಜಿಗೆ ಮುಖ್ಯ ವ್ಯಾಯಾಮ ಬೇರೆ ಏನಿಲ್ಲ, ಕುರ್ಚಿಯಿಂದ ಏಳುವುದೇ. ಕುರ್ಚಿಯ ಮೇಲೆ ಮಡಚಿದ ಎರಡು ಕಂಬಳಿ ಇಟ್ಟು ಎತ್ತರ ಮಾಡಿ. ಆ ಎತ್ತರದಿಂದ ಕೈ ಊರದೆ ಏಳಲು ಆಗುತ್ತದೆ. ಕುರ್ಚಿಯ ಅಂಚಿಗೆ ಬರಬೇಕು, ಪಾದ ಮಂಡಿಗಿಂತ ಸ್ವಲ್ಪ ಹಿಂದೆ, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಬೇಕು, ಬಲ ಬರುವುದು ಆ ಇಳಿಯುವಿಕೆಯಲ್ಲೂ ಹೌದು. ಐದೈದು ಸಲ, ನಡುವೆ ಬಿಡುವು. ಸರಾಗವಾದ ಮೇಲೆ ಒಂದು ಕಂಬಳಿ ತೆಗೆಯಿರಿ.

ಸಮಯ ಹಂಚುವುದು ಹೀಗೆ: ಹತ್ತು ನಿಮಿಷ ಮೈ ಬಿಸಿ ಮಾಡುವುದು, ಹದಿನೈದು ನಿಮಿಷ ಕಾಲಿನ ಬಲ, ಇಪ್ಪತ್ತೈದು ನಿಮಿಷ ಸಮತೋಲನ ಮತ್ತು ಹೆಜ್ಜೆ, ಹತ್ತು ನಿಮಿಷ ನಿಧಾನವಾಗಿ ಮುಗಿಸುವುದು. ಗಡಿಯಾರ ಹಿಡಿದು ನೋಡಿದರೆ 68ರವರು ಅರ್ಧ ಗಂಟೆಯಷ್ಟು ಕೈ ಬಿಟ್ಟು ನಿಂತಿರಬೇಕು, 76ರವರು ಹದಿನೈದು ನಿಮಿಷವಾದರೂ. 82ರ ಅಜ್ಜಿಗೆ ಮೊದಲ ವಾರಗಳಲ್ಲಿ ಮೂರು ನಾಲ್ಕು ನಿಮಿಷ ಆದರೂ ಸಾಕು. ಕುರ್ಚಿ ತರಗತಿಯಲ್ಲಿ ಮೂವರಿಗೂ ಸೊನ್ನೆಯೇ ಆಗುತ್ತಿತ್ತು.

ಕೊನೆಗೆ ವಾಲಗ ಹಾಕಬಹುದು. ಆ ತಾಳ ಕೇಳಿದರೆ ಇಲ್ಲಿನವರ ಕಾಲು ತಾನೇ ಹೆಜ್ಜೆ ಹಾಕುತ್ತದೆ. ಮುಂದೆ ಹಿಂದೆ ಪಕ್ಕಕ್ಕೆ ತಿರುಗಿ ಕುಣಿಯುವುದಕ್ಕಿಂತ ಒಳ್ಳೆಯ ಸಮತೋಲನದ ಪಾಠ ಹುಡುಕಬೇಕು. ಆದರೆ ಖುಷಿಗೆ ವೇಗ ಏರುತ್ತದೆ. ಹಾಗಾಗಿ ಗೋಡೆ ಸಾಲಿನವರು ಅಂಚು ಹಿಡಿದೇ ಹೆಜ್ಜೆ ಹಾಕಲಿ.

ನೆಲದಿಂದ ಏಳುವುದು

ಬಿದ್ದ ಮೇಲೆ ಏಟಿಗಿಂತ ಏಳಲಾಗದೆ ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಬಿದ್ದಿರುವುದೇ ಕೆಲವರಿಗೆ ಹೆಚ್ಚು ಹಾನಿ ಮಾಡುತ್ತದೆ. ಒಂಟಿ ಮನೆಗಳಿರುವ ನಮ್ಮ ಜಿಲ್ಲೆಯಲ್ಲಿ ಇದನ್ನು ಕಲಿಸದ ತರಗತಿ ಅರ್ಧ ತರಗತಿ. ಯೋಗದ ತರಗತಿಗೆ ಇಲ್ಲಿ ಒಂದು ಅಂಕ ಜಾಸ್ತಿ ಕೊಡಬೇಕು, ಚಾಪೆಗೆ ಇಳಿದು ಏಳುವ ರೂಢಿ ಅಲ್ಲಿ ಮೊದಲೇ ಇದೆ.

ಕಲಿಸುವುದು ಹಿಂದಿನಿಂದ ಮುಂದಕ್ಕೆ. ಮೊದಲ ದಿನ ನೆಲಕ್ಕೆ ಕಳಿಸಬೇಡಿ. ಭಾರವಾದ ಕುರ್ಚಿಯ ಎದುರು ನಿಂತು, ಅದರ ಮೇಲೆ ಎರಡೂ ಕೈ ಊರಿ, ಒಂದು ಕಾಲು ಹಿಂದಿಟ್ಟು ಸ್ವಲ್ಪ ಬಗ್ಗಿ ಮತ್ತೆ ಏಳುವುದು. ಕೆಲವು ವಾರ ಬಿಟ್ಟು ಹಿಂದಿನ ಮಂಡಿಯನ್ನು ದಪ್ಪ ದಿಂಬಿನ ಮೇಲೆ ಇಳಿಸುವುದು. ಆಮೇಲೆ ಎರಡೂ ಮಂಡಿ. ಆಮೇಲೆ ಕೈ ಮತ್ತು ಮಂಡಿಯ ಮೇಲೆ. ಕೊನೆಗೆ ಪಕ್ಕಕ್ಕೆ ಮಲಗುವುದು. ಇದು ಬಂದ ಮೇಲೆ ಏಳುವ ದಾರಿ ಅದೇ, ತಿರುಗುಮುರುಗು: ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಕೈ ಮಂಡಿಯ ಮೇಲೆ ಬಂದು, ಕುರ್ಚಿಯವರೆಗೆ ಅಂಬೆಗಾಲಿಟ್ಟು, ಕುರ್ಚಿಗೆ ಕೈ ಊರಿ, ಗಟ್ಟಿ ಕಾಲನ್ನು ಮುಂದಿಟ್ಟು ಎದ್ದು, ತಿರುಗಿ ಕೂರುವುದು. ಮಂಡಿ ಬದಲಾಯಿಸಿಕೊಂಡವರಿಗೆ ಮಂಡಿಯೂರುವುದು ನೋವಾದೀತು, ದಪ್ಪ ದಿಂಬು ಹಾಕಿ, ಆಗದಿದ್ದರೆ ಬಿಡಿ. ಅವರು ಕೂತಲ್ಲೇ ಸರಿಯುತ್ತಾ ಹೋಗಿ ಫೋನ್ ಮುಟ್ಟುವುದನ್ನಾದರೂ ಅಭ್ಯಾಸ ಮಾಡಲಿ.

ಯಾರನ್ನು ಮೊದಲು ಡಾಕ್ಟರ ಹತ್ತಿರ ಕಳಿಸಬೇಕು

ಪ್ರಜ್ಞೆ ತಪ್ಪಿ ಬಿದ್ದವರು, ಎದೆ ನೋವಿನವರು, ತಲೆ ಗಿರ್ರನೆ ತಿರುಗುವವರು, ಇತ್ತೀಚೆಗೆ ಮೂಳೆ ಮುರಿದವರು ಅಥವಾ ಆಪರೇಷನ್ ಆದವರು. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ ಅನ್ನುವವರ ಬಿ.ಪಿ.ಯನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿಸಿ. ಮೇಲಿನ ಅಂಕ 20 ಅಥವಾ ಕೆಳಗಿನದು 10 ಇಳಿದರೆ, ಅದಕ್ಕೆ ವ್ಯಾಯಾಮಕ್ಕಿಂತ ಮೊದಲು ಮಾತ್ರೆಗಳ ಪರಿಶೀಲನೆ ಬೇಕು. ಕಣ್ಣಿನ ಪೊರೆಯನ್ನೂ ಕೇಳಿ. ಇಂಥವರನ್ನು ಯಾವ ತರಗತಿಯೂ ತಾನೇ ಸರಿಮಾಡುವುದಿಲ್ಲ.

ಕೈಯಲ್ಲಿರುವುದನ್ನು ನೋಡಿ ಆರಿಸಿ

ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ಬರಲು ಒಪ್ಪಿದರೆ, ಪರೀಕ್ಷೆ ಮಾಡುವುದು, ಸಾಲು ಹಂಚುವುದು, ತೂಕ ಮತ್ತು ಹಂತ ಏರಿಸುವುದು ಅವರ ಕೆಲಸ. ಎರಡನೆಯ ದಿನ ಊರಿನವರೇ ಒಬ್ಬರು ಅದನ್ನೇ ಮಾಡಿಸಲಿ. ಯೋಗ ಗುರುಗಳು ಮಾತ್ರ ಸಿಕ್ಕರೆ ಅವರನ್ನೇ ಇಟ್ಟುಕೊಳ್ಳಿ, ಆದರೆ ಅರ್ಧ ಗಂಟೆ ನಿಂತೇ ಮಾಡಿಸಬೇಕು, ಮೂರು ಸಾಲು ಬೇಕು, ಪಕ್ಕದ ಹೆಜ್ಜೆ ಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಸಹಾಯಕರೇ ಇಲ್ಲದಿದ್ದರೆ ಹನ್ನೆರಡು ಜನರ ಒಂದು ತರಗತಿಗಿಂತ ಆರಾರು ಜನರ ಎರಡು ತರಗತಿ ಮೇಲು. ಜಾಗವೇ ಇಲ್ಲ, ವಾಕಿಂಗ್ ಒಂದೇ ಸಾಧ್ಯ ಅನ್ನುವುದಾದರೆ, ಹೊರಡುವ ಮೊದಲು ಗೋಡೆ ಪಕ್ಕದಲ್ಲಿ ಹದಿನೈದು ನಿಮಿಷ ಹಿಮ್ಮಡಿ ಎತ್ತುವುದು, ಪಕ್ಕದ ಹೆಜ್ಜೆ, ಗೆರೆಯ ನಿಲುವು ಮಾಡಿಸಿ.

ದಿನ ಆರಿಸುವಾಗ ಬಸ್ ನೋಡಿ. ಮಡಿಕೇರಿಯಲ್ಲಾದರೆ ಶುಕ್ರವಾರ ಸಂತೆಗೆ ಹೇಗೂ ಬರುತ್ತಾರೆ. ಹತ್ತೂವರೆಗೆ ತರಗತಿ ಇಟ್ಟರೆ ತಿಂಡಿ ಮುಗಿದಿರುತ್ತದೆ, ಸಕ್ಕರೆ ಮಾತ್ರೆ ತೆಗೆದುಕೊಂಡವರು ಹಸಿದು ಬರುವುದಿಲ್ಲ. ಜೋರು ಮಳೆಯ ವಾರಗಳಲ್ಲೂ ಕಾಫಿ ಕೊಯ್ಲಿನ ಸಮಯದಲ್ಲೂ ಹಾಜರಿ ಇಳಿಯುತ್ತದೆ. ಅಭ್ಯಾಸ ನಿಂತರೆ ಗಳಿಸಿದ್ದೂ ಕರಗುತ್ತದೆ, ಹಾಗಾಗಿ ಅದಕ್ಕೆ ಮೊದಲೇ ಪ್ರತಿಯೊಬ್ಬರಿಗೂ ಅಡುಗೆಕಟ್ಟೆ ಹಿಡಿದು ಮಾಡುವ ನಾಲ್ಕು ವ್ಯಾಯಾಮ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ. ಹನ್ನೆರಡು ವಾರಕ್ಕೊಮ್ಮೆ ಅದೇ ಮೂರು ಪರೀಕ್ಷೆ ಮತ್ತೆ ಮಾಡಿ. ಕುರ್ಚಿಯಿಂದ ಏಳುವುದು ಎರಡು ಸಲ ಜಾಸ್ತಿಯಾಗಿದ್ದರೆ ತರಗತಿ ಕೆಲಸ ಮಾಡುತ್ತಿದೆ. ಇಡೀ ಗುಂಪಿನಲ್ಲಿ ಯಾರಿಗೂ ಏನೂ ಬದಲಾಗದಿದ್ದರೆ ಮೊದಲು ನೋಡಬೇಕಾದದ್ದು ಅವರ ಕೈ ಇನ್ನೂ ಆಸರೆಯ ಮೇಲೇ ಇದೆಯಾ, ಮರಳಿನ ಚೀಲ ಮೊದಲ ದಿನದ್ದೇ ಇದೆಯಾ ಅನ್ನುವುದನ್ನು.